ಖಾಲಿಯಾದ ಮಜ್ಜೆ, ದಾರಿ ತಪ್ಪಿದ ಮಜ್ಜೆ

ರಕ್ತ ಪರೀಕ್ಷೆಯ ವರದಿಯಲ್ಲಿ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಈ ಮೂರೂ ಒಟ್ಟಿಗೆ ಇಳಿದಿದ್ದರೆ ಅದನ್ನು ಪ್ಯಾನ್‌ಸೈಟೋಪೀನಿಯಾ ಎನ್ನುತ್ತಾರೆ. ಇದು ರೋಗದ ಹೆಸರಲ್ಲ, ಒಂದು ಸ್ಥಿತಿಯ ಹೆಸರು ಮಾತ್ರ. ಇದರ ಹಿಂದೆ ಹತ್ತಾರು ಕಾರಣಗಳಿರಬಹುದು. ಅವುಗಳಲ್ಲಿ ಎರಡು ಕಾಯಿಲೆಗಳು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಒಂದು ಎಪ್ಲಾಸ್ಟಿಕ್ ಅನೀಮಿಯಾ, ಇನ್ನೊಂದು ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್, ಅಂದರೆ ಎಂಡಿಎಸ್. ಎರಡರಲ್ಲೂ ರೋಗಿ ಬಿಳುಚಿಕೊಂಡಿರುತ್ತಾನೆ, ಒಸಡಿನಲ್ಲಿ ರಕ್ತ ಬರುತ್ತದೆ, ಕಾಲಿನ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳಿರುತ್ತವೆ, ಮೇಲಿಂದ ಮೇಲೆ ಜ್ವರ ಬರುತ್ತದೆ. ಆದರೆ ಒಂದಕ್ಕೆ ಕೊಡುವ ಔಷಧಿಯನ್ನು ಇನ್ನೊಂದಕ್ಕೆ ಕೊಟ್ಟರೆ ತಿಂಗಳುಗಳು ವ್ಯರ್ಥವಾಗುತ್ತವೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ಈ ಲೇಖನ ಮುಖ್ಯವಾಗಿ ವೈದ್ಯಕೀಯ ಓದುತ್ತಿರುವ ನಿಮಗಾಗಿ. ಪಠ್ಯಪುಸ್ತಕದಲ್ಲಿ ಈ ಎರಡು ಕಾಯಿಲೆಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವುದರಿಂದ ಅವು ಪರಸ್ಪರ ದೂರದವು ಎಂಬ ಭಾವನೆ ಮೂಡುತ್ತದೆ. ವಾರ್ಡಿನಲ್ಲಿ ಅವು ಅಕ್ಕಪಕ್ಕದ ಹಾಸಿಗೆಗಳಲ್ಲಿರುತ್ತವೆ. ಮನೆಯಲ್ಲಿ ಇಂಥ ರೋಗಿ ಇರುವವರೂ ಓದಬಹುದು. ವೈದ್ಯರು ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುವುದು ಏಕೆಂಬುದು ಅವರಿಗೂ ತಿಳಿದೀತು.

ಮೊದಲು ಮೂಲ ವ್ಯತ್ಯಾಸ. ನಮ್ಮ ರಕ್ತಕಣಗಳೆಲ್ಲ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿರುವ ಕಾಂಡಕೋಶಗಳಿಂದ. ಎಪ್ಲಾಸ್ಟಿಕ್ ಅನೀಮಿಯಾದಲ್ಲಿ ಈ ಕಾಂಡಕೋಶಗಳೇ ನಾಶವಾಗುತ್ತವೆ. ಹೆಚ್ಚಿನ ರೋಗಿಗಳಲ್ಲಿ ನಾಶಪಡಿಸುವುದು ಅವರದೇ ಟಿ ಲಿಂಫೋಸೈಟ್‌ಗಳು. ಜಾಗ ಖಾಲಿಯಾದಾಗ ಅಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. 1888ರಲ್ಲಿ ಜರ್ಮನಿಯ ಪೌಲ್ ಎರ್ಲಿಶ್ ಈ ಕಾಯಿಲೆಯನ್ನು ಮೊದಲು ವರ್ಣಿಸಿದ್ದು ಸತ್ತುಹೋದ ಒಬ್ಬ ಗರ್ಭಿಣಿ ಯುವತಿಯ ಮಜ್ಜೆಯನ್ನು ನೋಡಿ. ಅದು ಕೆಂಪಾಗಿರಲಿಲ್ಲ, ಕೊಬ್ಬಿನಿಂದ ತುಂಬಿತ್ತು.

ಎಂಡಿಎಸ್‌ನಲ್ಲಿ ನಡೆಯುವುದು ಬೇರೆ. ಅಲ್ಲಿ ಒಂದು ಕಾಂಡಕೋಶದ ಜೀನಿನಲ್ಲಿ ದೋಷ ಹುಟ್ಟಿ, ಅದರ ಸಂತತಿ ಮಜ್ಜೆಯನ್ನೆಲ್ಲ ಆಕ್ರಮಿಸುತ್ತದೆ. ಕಣಗಳು ಹುಟ್ಟುತ್ತವೆ, ಆದರೆ ವಕ್ರವಾಗಿ ಬೆಳೆದು, ರಕ್ತಕ್ಕೆ ಇಳಿಯುವ ಮೊದಲೇ ಮಜ್ಜೆಯಲ್ಲೇ ಸಾಯುತ್ತವೆ. ಬೇಕರಿಯ ಉಪಮೆ ಕೊಡುವುದಾದರೆ, ಮೊದಲನೆಯದರಲ್ಲಿ ಕೆಲಸಗಾರರೇ ಇಲ್ಲ. ಎರಡನೆಯದರಲ್ಲಿ ಕೆಲಸಗಾರರು ತುಂಬಿ ತುಳುಕುತ್ತಿದ್ದಾರೆ, ಒಲೆ ಉರಿಯುತ್ತಿದೆ, ಆದರೆ ಬ್ರೆಡ್ಡೆಲ್ಲ ಒಲೆಯೊಳಗೇ ಸುಟ್ಟುಹೋಗುತ್ತಿದೆ. ಎರಡೂ ಕಡೆ ಅಂಗಡಿಯ ಕಪಾಟು ಮಾತ್ರ ಖಾಲಿ. ರಕ್ತದ ವರದಿ ತೋರಿಸುವುದು ಆ ಕಪಾಟನ್ನು, ಬೇಕರಿಯ ಒಳಗನ್ನಲ್ಲ.

ಹಾಗಾದರೆ ಮಜ್ಜೆ ನೋಡಿದರಾಯಿತು, ಖಾಲಿಯಿದ್ದರೆ ಎಪ್ಲಾಸ್ಟಿಕ್, ತುಂಬಿದ್ದರೆ ಎಂಡಿಎಸ್ ಎಂದು ನಿಮಗೆ ಅನ್ನಿಸಬಹುದು. ಹೆಚ್ಚಿನ ಸಲ ಅದು ಸರಿ. ತೊಡಕು ಇರುವುದು ಉಳಿದ ಸಲ. ಎಂಡಿಎಸ್ ರೋಗಿಗಳಲ್ಲಿ ಒಂದು ಸಣ್ಣ ಪಾಲಿನವರ ಮಜ್ಜೆಯೂ ಖಾಲಿಯಾಗಿಯೇ ಕಾಣುತ್ತದೆ. ಇದಕ್ಕೆ ಹೈಪೋಪ್ಲಾಸ್ಟಿಕ್ ಎಂಡಿಎಸ್ ಎಂದು ಹೆಸರು. ಅಲ್ಲಿ ಕೆಲಸಗಾರರು ಕಡಿಮೆ, ಇರುವವರೂ ಕೆಟ್ಟವರು. ಇದನ್ನು ಎಪ್ಲಾಸ್ಟಿಕ್ ಅನೀಮಿಯಾದಿಂದ ಬೇರ್ಪಡಿಸುವುದೇ ಈ ಲೇಖನದ ವಿಷಯ. ಅದಕ್ಕಾಗಿ ಒಂದು ಉದಾಹರಣೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಈ ರೋಗಿ ಕಲಿಕೆಗಾಗಿ ನಾನು ಕಟ್ಟಿಕೊಂಡವರು, ಅಂಕಿಗಳು ಮಾತ್ರ ವಾರ್ಡಿನಲ್ಲಿ ನೀವು ನೋಡಬಹುದಾದಂಥವೇ.

ರಕ್ತದ ವರದಿಯಿಂದ ಆರಂಭ

47 ವರ್ಷದ ಮಹಿಳೆ. ನಾಲ್ಕು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಊರಿನಲ್ಲಿ ಎರಡು ಬಾಟಲಿ ಕಬ್ಬಿಣಾಂಶದ ಟಾನಿಕ್ ಕುಡಿದಿದ್ದಾರೆ. ಈಗ ಒಸಡಿನಲ್ಲಿ ರಕ್ತ. ಯಕೃತ್ತು, ಗುಲ್ಮ ಕೈಗೆ ಸಿಗುವುದಿಲ್ಲ, ಎಲ್ಲೂ ಗಂಟುಗಳಿಲ್ಲ. ಹಿಮೋಗ್ಲೋಬಿನ್ 7.2 ಗ್ರಾಂ, ಬಿಳಿ ಕಣ 2,300, ಅದರಲ್ಲಿ ನ್ಯೂಟ್ರೋಫಿಲ್ ಶೇ. 30, ಪ್ಲೇಟ್‌ಲೆಟ್ 24,000. ಕೆಂಪು ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 106.

ಗುಲ್ಮ ಸಿಗದಿರುವುದು ಇಲ್ಲಿ ಮುಖ್ಯ. ಪ್ಯಾನ್‌ಸೈಟೋಪೀನಿಯಾದ ರೋಗಿಯಲ್ಲಿ ಗುಲ್ಮ ದೊಡ್ಡದಾಗಿದ್ದರೆ ಎಪ್ಲಾಸ್ಟಿಕ್ ಅನೀಮಿಯಾವನ್ನು ಪಟ್ಟಿಯ ಕೊನೆಗೆ ತಳ್ಳಿ, ಬೇರೆ ಕಾರಣ ಹುಡುಕಬೇಕು. ಎಂಸಿವಿ ಏರಿರುವುದು ಮಾತ್ರ ನಮಗೆ ಏನನ್ನೂ ಹೇಳುವುದಿಲ್ಲ. ಎರಡೂ ಕಾಯಿಲೆಗಳಲ್ಲಿ ಅದು ಏರಬಹುದು.

ಮುಂದಿನ ಲೆಕ್ಕ ರೆಟಿಕ್ಯುಲೋಸೈಟ್‌ನದ್ದು, ಅಂದರೆ ಮಜ್ಜೆಯಿಂದ ಆಗಷ್ಟೇ ಇಳಿದ ಎಳೆಯ ಕೆಂಪು ಕಣಗಳದ್ದು. ವರದಿಯಲ್ಲಿ ಶೇ. 0.9 ಎಂದಿದೆ. ಸಾಮಾನ್ಯ ಮಿತಿಯೊಳಗೇ ಇದೆಯಲ್ಲ ಎಂದು ಹಲವು ವಿದ್ಯಾರ್ಥಿಗಳು ಪುಟ ತಿರುಗಿಸುತ್ತಾರೆ. ಶೇಕಡಾವಾರು ಇಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ. ಈ ಮಹಿಳೆಯ ಒಟ್ಟು ಕೆಂಪು ಕಣಗಳೇ ಮೈಕ್ರೋಲೀಟರಿಗೆ ಸುಮಾರು 20 ಲಕ್ಷ, ಇರಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಅದರ ಶೇ. 0.9 ಎಂದರೆ 18,000. ಇಷ್ಟು ರಕ್ತ ಕಡಿಮೆಯಿರುವಾಗ ಆರೋಗ್ಯವಂತ ಮಜ್ಜೆ ಲಕ್ಷಕ್ಕೂ ಹೆಚ್ಚು ಎಳೆಯ ಕಣಗಳನ್ನು ಕಳಿಸಬೇಕಿತ್ತು. ಅಂದರೆ ರಕ್ತ ಎಲ್ಲೋ ಸೋರಿಹೋಗುತ್ತಿಲ್ಲ, ಒಡೆದುಹೋಗುತ್ತಿಲ್ಲ, ಉತ್ಪಾದನೆಯೇ ನಿಂತಿದೆ.

ಇದೇ ಅಂಕಿಗಳು ಎಪ್ಲಾಸ್ಟಿಕ್ ಅನೀಮಿಯಾದ ತೀವ್ರತೆಯನ್ನೂ ಅಳೆಯುತ್ತವೆ. ಖಾಲಿ ಮಜ್ಜೆಯ ಜೊತೆಗೆ ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ 20,000ಕ್ಕಿಂತ ಕಡಿಮೆ, ರೆಟಿಕ್ಯುಲೋಸೈಟ್ 20,000ಕ್ಕಿಂತ ಕಡಿಮೆ, ಈ ಮೂರರಲ್ಲಿ ಎರಡು ಇದ್ದರೆ ತೀವ್ರ. ಯಂತ್ರದಲ್ಲಿ ಎಣಿಸಿದ್ದರೆ ರೆಟಿಕ್ಯುಲೋಸೈಟ್‌ನ ಗಡಿಯನ್ನು 60,000 ಎಂದು ಹಿಡಿಯುತ್ತಾರೆ. ನ್ಯೂಟ್ರೋಫಿಲ್ 200ಕ್ಕೂ ಇಳಿದರೆ ಅತಿ ತೀವ್ರ. ನಮ್ಮ ರೋಗಿಯ ನ್ಯೂಟ್ರೋಫಿಲ್ 2,300ರ ಶೇ. 30, ಅಂದರೆ 690. ಪ್ಲೇಟ್‌ಲೆಟ್ 24,000. ಮೂರರಲ್ಲಿ ಒಂದು ಮಾತ್ರ ಗಡಿ ದಾಟಿದೆ. ಇದು ಎಪ್ಲಾಸ್ಟಿಕ್ ಆಗಿದ್ದರೆ ತೀವ್ರವಲ್ಲದ ಬಗೆ. ಆದರೆ ಅದು ಎಪ್ಲಾಸ್ಟಿಕ್ ಹೌದೇ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಪ್ಯಾನ್‌ಸೈಟೋಪೀನಿಯಾದ ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು ಬಿ12 ವಿಟಮಿನ್ ಅಥವಾ ಫೋಲೇಟ್ ಕೊರತೆ. ಅದು ಎಂಡಿಎಸ್‌ನ ವೇಷವನ್ನು ಅಚ್ಚುಕಟ್ಟಾಗಿ ಹಾಕಿಕೊಂಡು ಬರುತ್ತದೆ. ಎಂಸಿವಿ ಏರಿರುತ್ತದೆ, ಮಜ್ಜೆ ತುಂಬಿರುತ್ತದೆ, ಕಣಗಳು ವಿಕಾರವಾಗಿರುತ್ತವೆ. ಕೆಲವು ಚುಚ್ಚುಮದ್ದುಗಳಿಂದ ವಾಸಿಯಾಗುವ ವ್ಯಕ್ತಿಗೆ ಎಂಡಿಎಸ್ ಎಂಬ ಹಣೆಪಟ್ಟಿ ಅಂಟಿಸುವುದು ಸಣ್ಣ ತಪ್ಪಲ್ಲ. ಆದ್ದರಿಂದ ಬಿ12, ಫೋಲೇಟ್ ಮಟ್ಟಕ್ಕೆ ರಕ್ತ ತೆಗೆಯಿರಿ, ಅದೂ ಚುಚ್ಚುಮದ್ದು ಕೊಡುವ ಮೊದಲು. ಕೊಟ್ಟ ಮೇಲೆ ತೆಗೆದ ರಕ್ತದಲ್ಲಿ ಮಟ್ಟ ಏರಿರುತ್ತದೆ, ನಿಜ ಮುಚ್ಚಿಹೋಗುತ್ತದೆ. ಜೊತೆಗೆ ಎಚ್‌ಐವಿ, ಕ್ಷಯ, ಇತ್ತೀಚಿನ ಕಾಮಾಲೆ, ಮೆಥೋಟ್ರೆಕ್ಸೇಟ್‌ನಂಥ ಮಾತ್ರೆಗಳ ಬಗ್ಗೆಯೂ ಕೇಳಿಕೊಳ್ಳಿ. ನಮ್ಮ ರೋಗಿಯಲ್ಲಿ ಇವೆಲ್ಲ ಇಲ್ಲವೆಂದಾಯಿತು.

ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ, ಆದರೆ ಅದು ಹೇಳುವಷ್ಟನ್ನು ದುಬಾರಿ ಯಂತ್ರಗಳೂ ಹೇಳುವುದಿಲ್ಲ. ನ್ಯೂಟ್ರೋಫಿಲ್‌ನ ಕೋಶಕೇಂದ್ರದಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಹಾಲೆಗಳಿರುತ್ತವೆ. ಬಿ12 ಕೊರತೆಯಲ್ಲಿ ಅವು ಐದು, ಆರು ಆಗುತ್ತವೆ. ಎಂಡಿಎಸ್‌ನಲ್ಲಿ ಇದಕ್ಕೆ ವಿರುದ್ಧ. ಎರಡೇ ಹಾಲೆಗಳು, ನಡುವೆ ತೆಳುವಾದ ದಾರ, ಕನ್ನಡಕದಂತೆ ಕಾಣುತ್ತವೆ. ಕೋಶದೊಳಗಿನ ಕಾಳುಗಳೂ ಮಾಯವಾಗಿ ಕಣ ಪೇಲವವಾಗಿರುತ್ತದೆ. ಎಪ್ಲಾಸ್ಟಿಕ್‌ನಲ್ಲಿ ನ್ಯೂಟ್ರೋಫಿಲ್‌ಗಳು ವಿರಳ, ಆದರೆ ಇರುವವು ನೋಡಲು ಸರಿಯಾಗಿರುತ್ತವೆ. ನಮ್ಮ ರೋಗಿಯ ಗಾಜಿನಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡಕದ ಕಣ ಕಂಡಿದೆ. ಇದು ಸಂಶಯಕ್ಕೆ ಸಾಕು, ತೀರ್ಪಿಗೆ ಸಾಲದು.

ಸೊಂಟದ ಮೂಳೆಯಿಂದ ಎರಡು ಮಾದರಿ

ಈಗ ಮಜ್ಜೆಯ ಪರೀಕ್ಷೆ. ಬೆನ್ನುಹುರಿಯ ನೀರು ತೆಗೆಯುತ್ತಾರೆ, ಆಮೇಲೆ ಸೊಂಟ ಬಿದ್ದುಹೋಗುತ್ತದೆ ಎಂಬ ಭಯ ನಮ್ಮ ಮನೆಗಳಲ್ಲಿ ಬಹಳ. ಇದಕ್ಕೂ ಬೆನ್ನುಹುರಿಗೂ ಸಂಬಂಧವಿಲ್ಲ. ಸೊಂಟದ ಹಿಂಭಾಗದಲ್ಲಿ, ಪೃಷ್ಠದ ಮೇಲ್ತುದಿಯಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ ಮಾದರಿ ತೆಗೆಯುತ್ತಾರೆ. ಜಾಗವನ್ನು ಮರಗಟ್ಟಿಸಿಯೇ ಮಾಡುತ್ತಾರೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೂ ಮಾಡಬಹುದು, ಆ ಬಳಿಕ ಜಾಗವನ್ನು ಚೆನ್ನಾಗಿ ಒತ್ತಿ ಹಿಡಿಯಬೇಕು ಅಷ್ಟೆ. ರೋಗಿಯ ಮನೆಯವರಿಗೆ ಇದನ್ನು ಬಿಡಿಸಿ ಹೇಳುವ ಕೆಲಸ ಹೆಚ್ಚಾಗಿ ವಿದ್ಯಾರ್ಥಿಗಳಾದ ನಿಮ್ಮ ಪಾಲಿಗೇ ಬರುತ್ತದೆ.

ಎರಡು ಮಾದರಿಗಳು ಬೇಕು, ಎರಡರ ಕೆಲಸವೂ ಬೇರೆ. ಸಿರಿಂಜಿನಿಂದ ಎಳೆದ ದ್ರವ ಒಂದೊಂದು ಕಣದ ಮುಖವನ್ನು ತೋರಿಸುತ್ತದೆ. ಟ್ರೆಫೈನ್ ಸೂಜಿಯಿಂದ ಕತ್ತರಿಸಿ ತೆಗೆದ ಮೂಳೆಯ ತುಂಡು ಮಜ್ಜೆ ಎಷ್ಟು ತುಂಬಿದೆ ಎಂಬುದನ್ನು ತೋರಿಸುತ್ತದೆ. ದ್ರವದಲ್ಲಿ ಕಣಗಳು ಕಡಿಮೆಯಿವೆ ಎಂದ ಮಾತ್ರಕ್ಕೆ ಮಜ್ಜೆ ಖಾಲಿ ಎನ್ನಲಾಗದು. ರಕ್ತ ಬೆರೆತು ತೆಳುವಾಗಿರಬಹುದು, ಅಥವಾ ಮಜ್ಜೆ ನಾರುಗಟ್ಟಿ ಹೊರಬರದೇ ಇರಬಹುದು.

ತುಂಡಿನ ಉದ್ದವೂ ಮುಖ್ಯ. ನಮ್ಮ ರೋಗಿಯ ಮೊದಲ ತುಂಡು ಕೇವಲ 7 ಮಿಲಿಮೀಟರ್, ಅದರಲ್ಲೂ ಅರ್ಧ ಮೂಳೆಯ ಹೊರಚಿಪ್ಪು. ವರದಿ ಬಂತು: ಕಣಗಳು ತುಂಬಾ ಕಡಿಮೆ. ಇದನ್ನು ನಂಬಬಾರದು. ಏಕೆಂದರೆ ಹೊರಚಿಪ್ಪಿನ ಕೆಳಗಿನ ಮಜ್ಜೆ ಆರೋಗ್ಯವಂತರಲ್ಲೂ ಬರಿದಾಗಿಯೇ ಇರುತ್ತದೆ. ಎಪ್ಲಾಸ್ಟಿಕ್‌ನ ಸಂಶಯವಿದ್ದಾಗ ಎರಡು ಸೆಂಟಿಮೀಟರಿನಷ್ಟು ಉದ್ದದ ತುಂಡು ಬೇಕು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಎಪ್ಲಾಸ್ಟಿಕ್ ಮಜ್ಜೆಯಲ್ಲೂ ಅಲ್ಲಲ್ಲಿ ಕಣಗಳ ದ್ವೀಪಗಳು ಉಳಿದಿರುತ್ತವೆ. ಸಣ್ಣ ತುಂಡು ಅಂಥ ದ್ವೀಪದ ಮೇಲೆಯೇ ಬಿದ್ದರೆ ಮಜ್ಜೆ ತುಂಬಿದೆ ಎಂಬ ತಪ್ಪು ವರದಿ ಬರುತ್ತದೆ. ಪರೀಕ್ಷೆಯನ್ನು ಮತ್ತೆ ಮಾಡಲಾಯಿತು. ಎರಡನೆಯ ತುಂಡು 21 ಮಿಲಿಮೀಟರ್. ಕಣಗಳು ಶೇ. 15, ಉಳಿದದ್ದು ಕೊಬ್ಬು.

ಶೇ. 15 ಎಂಬುದು ಎಷ್ಟು ಕಡಿಮೆ? ವಯಸ್ಸಿಗೆ ಹೋಲಿಸದೆ ಹೇಳಲಾಗದು. ವಯಸ್ಸಾದಂತೆ ಮಜ್ಜೆ ಸಹಜವಾಗಿಯೇ ಕೊಬ್ಬಾಗುತ್ತದೆ. ನೂರರಿಂದ ವಯಸ್ಸನ್ನು ಕಳೆದರೆ ಇರಬೇಕಾದ ಪ್ರಮಾಣ ಅಂದಾಜಾಗಿ ಸಿಗುತ್ತದೆ. 47 ವರ್ಷಕ್ಕೆ ಶೇ. 53 ಇರಬೇಕಿತ್ತು, ಇರುವುದು 15. ಆದರೆ ಇದೇ ಲೆಕ್ಕದ ಪ್ರಕಾರ 75 ವರ್ಷದವರಲ್ಲಿ ಶೇ. 25 ಇರುವುದು ಸಹಜವೇ, ಅದನ್ನು ಖಾಲಿ ಮಜ್ಜೆ ಎನ್ನಬಾರದು. ನಮ್ಮ ರೋಗಿಯ ಮಜ್ಜೆ ಮಾತ್ರ ನಿಜಕ್ಕೂ ಖಾಲಿ.

ಇಲ್ಲಿಗೆ ನಿಲ್ಲಿಸಿದರೆ ರೋಗನಿರ್ಣಯ ಎಪ್ಲಾಸ್ಟಿಕ್ ಅನೀಮಿಯಾ ಎಂದಾಗುತ್ತಿತ್ತು. ಖಾಲಿ ಎಂದು ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ: ಉಳಿದಿರುವ ಆ ಶೇ. 15ರಲ್ಲಿ ಇರುವವರು ಯಾರು?

ಉಳಿದವರನ್ನು ವಿಚಾರಿಸುವುದು

ಎಪ್ಲಾಸ್ಟಿಕ್‌ನಲ್ಲಿ ಉಳಿದಿರುವುದು ಹೆಚ್ಚಾಗಿ ಲಿಂಫೋಸೈಟ್, ಪ್ಲಾಸ್ಮಾ ಕೋಶದಂಥ ಅತಿಥಿಗಳು. ರಕ್ತ ತಯಾರಿಸುವ ಮನೆಯವರು ಬೆರಳೆಣಿಕೆಯಷ್ಟು, ಆದರೆ ಸಂಭಾವಿತರು. ಎಂಡಿಎಸ್‌ನಲ್ಲಿ ಮನೆಯವರೇ ವಿಕಾರರು. ಒಂದು ವಂಶಾವಳಿಯ ಕಣಗಳಲ್ಲಿ ಕನಿಷ್ಠ ಶೇ. 10 ವಿಕಾರವಾಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ವಾಡಿಕೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಕೆಂಪು ಕಣದ ಪೂರ್ವಜರಲ್ಲಿ ಸ್ವಲ್ಪ ವಿಕಾರ ಎಪ್ಲಾಸ್ಟಿಕ್ ಅನೀಮಿಯಾದಲ್ಲೂ ಸಾಮಾನ್ಯ. ಎರಡು ಕೋಶಕೇಂದ್ರಗಳಿರುವ ಒಂದು ಕಣ ಕಂಡ ಕೂಡಲೇ ಎಂಡಿಎಸ್ ಎಂದು ಬರೆಯಬಾರದು. ತೂಕವಿರುವ ಸಾಕ್ಷಿ ನ್ಯೂಟ್ರೋಫಿಲ್ ವಂಶದ್ದು, ಅದಕ್ಕಿಂತ ಹೆಚ್ಚಾಗಿ ಮೆಗಾಕೇರಿಯೋಸೈಟ್‌ಗಳದ್ದು. ಇವು ಪ್ಲೇಟ್‌ಲೆಟ್ ತಯಾರಿಸುವ ದೈತ್ಯ ಕಣಗಳು. ಎಂಡಿಎಸ್‌ನಲ್ಲಿ ಅವು ಕುಬ್ಜವಾಗುತ್ತವೆ, ಹಾಲೆಗಳಿಲ್ಲದ ಒಂದೇ ಗುಂಡು ಕೇಂದ್ರ ಇರುತ್ತದೆ. ಎಪ್ಲಾಸ್ಟಿಕ್‌ನಲ್ಲಿ ಇವು ಕುಬ್ಜವಾಗುವುದಿಲ್ಲ, ಕಾಣೆಯಾಗುತ್ತವೆ. ಸರಿಯಾದ ಎಣಿಕೆಗೆ 30 ಮೆಗಾಕೇರಿಯೋಸೈಟ್‌ಗಳನ್ನಾದರೂ ನೋಡಬೇಕೆಂಬ ಸೂಚನೆಯಿದೆ. ಖಾಲಿ ಮಜ್ಜೆಯಲ್ಲಿ ಅಷ್ಟನ್ನು ಎಲ್ಲಿಂದ ತರುವುದು? ನಮ್ಮ ರೋಗಿಯ ಇಡೀ ಮಾದರಿಯಲ್ಲಿ ಸಿಕ್ಕಿದ್ದು 11, ಅದರಲ್ಲಿ 6 ಕುಬ್ಜ. ಸಂಖ್ಯೆ ಚಿಕ್ಕದು, ಆದರೂ ನೋಟ ಗಂಭೀರ. ಬಾಲಕೋಶಗಳು, ಅಂದರೆ ಬ್ಲಾಸ್ಟ್‌ಗಳು, ಶೇ. 3. ಇದು ಶೇ. 5ರ ಒಳಗೇ ಇರುವುದರಿಂದ ಲ್ಯೂಕೀಮಿಯಾದ ಕಡೆ ವಾಲಿಲ್ಲ. ಆದರೆ ಎಪ್ಲಾಸ್ಟಿಕ್ ಮಜ್ಜೆಯಲ್ಲಿ ಬ್ಲಾಸ್ಟ್‌ಗಳನ್ನು ಹುಡುಕಿದರೂ ಸಿಗುವುದು ಕಷ್ಟ.

ಮೂಳೆಯ ತುಂಡಿನ ಮೇಲೆ ಎರಡು ವಿಶೇಷ ಬಣ್ಣಗಳನ್ನು ಕೇಳಬೇಕು. ಒಂದು ಸಿಡಿ34. ಇದು ಕಾಂಡಕೋಶ ಮತ್ತು ಬಾಲಕೋಶಗಳನ್ನು ಗುರುತಿಸುತ್ತದೆ. ಎಪ್ಲಾಸ್ಟಿಕ್‌ನಲ್ಲಿ ಅವು ಬಹುತೇಕ ಇಲ್ಲವಾಗಿರುತ್ತವೆ, ಕಾಯಿಲೆಯ ಅರ್ಥವೇ ಅದು. ಹೈಪೋಪ್ಲಾಸ್ಟಿಕ್ ಎಂಡಿಎಸ್‌ನಲ್ಲಿ ಅವು ಉಳಿದಿರುತ್ತವೆ ಅಥವಾ ಹೆಚ್ಚಿರುತ್ತವೆ, ಕೆಲವೊಮ್ಮೆ ಗುಂಪುಗಟ್ಟಿರುತ್ತವೆ. ಇನ್ನೊಂದು ರೆಟಿಕ್ಯುಲಿನ್, ನಾರಿನ ಬಣ್ಣ. ನಾರು ಹೆಚ್ಚಾಗಿದ್ದರೆ ಅದು ಎಪ್ಲಾಸ್ಟಿಕ್ ಅಲ್ಲ. ನಮ್ಮ ರೋಗಿಯಲ್ಲಿ ನಾರು ಹೆಚ್ಚಿಲ್ಲ, ಆದರೆ ಸಿಡಿ34 ಕಣಗಳು ಖಾಲಿ ಮಜ್ಜೆಯ ನಡುವೆ ಎದ್ದು ಕಾಣುತ್ತಿವೆ.

ಕೊನೆಗೆ ಕ್ರೋಮೋಸೋಮ್. ವಿಭಜನೆಯಾಗುತ್ತಿರುವ 20 ಕಣಗಳನ್ನಾದರೂ ನೋಡಬೇಕು. ಖಾಲಿ ಮಜ್ಜೆಯಲ್ಲಿ ವಿಭಜಿಸುವ ಕಣಗಳೇ ಕಡಿಮೆ, ಹಾಗಾಗಿ ಈ ಪರೀಕ್ಷೆ ಹಲವು ಸಲ ವಿಫಲವಾಗುತ್ತದೆ. ವರದಿಯಲ್ಲಿ ವಿಫಲ ಎಂದಿದ್ದರೆ ಅದನ್ನು ಸಹಜ ಎಂದು ಓದಿಕೊಳ್ಳಬೇಡಿ. ಅಂಥ ಸಂದರ್ಭದಲ್ಲಿ ಫಿಶ್ ಎಂಬ ಬೇರೆ ವಿಧಾನದಿಂದ 5, 7, 8ನೇ ಕ್ರೋಮೋಸೋಮ್‌ಗಳನ್ನು ನೋಡಬಹುದು, ಅದಕ್ಕೆ ವಿಭಜಿಸುವ ಕಣ ಬೇಕಿಲ್ಲ. ನಮ್ಮ ರೋಗಿಯಲ್ಲಿ 14 ಕಣಗಳು ಸಿಕ್ಕವು. ಅವುಗಳಲ್ಲಿ 6ರಲ್ಲಿ 7ನೇ ಕ್ರೋಮೋಸೋಮ್ ಒಂದೇ ಇದೆ, ಜೋಡಿಯಿಲ್ಲ. ಕ್ರೋಮೋಸೋಮ್ ಕಳೆದುಹೋಗಿರುವುದು ಮೂರು ಕಣಗಳಲ್ಲಾದರೂ ಕಂಡರೆ ಅದು ಆಕಸ್ಮಿಕವಲ್ಲ, ಒಂದು ತದ್ರೂಪಿ ಸಂತತಿ ಎಂದು ಒಪ್ಪುತ್ತಾರೆ. ಫಿಶ್ ಕೂಡ ಅದನ್ನೇ ಹೇಳಿತು.

ಈಗ ತೀರ್ಪು ಕೊಡಬಹುದು. ಇದು ಹೈಪೋಪ್ಲಾಸ್ಟಿಕ್ ಎಂಡಿಎಸ್. 7ನೇ ಕ್ರೋಮೋಸೋಮ್‌ನ ಕೊರತೆ ಲ್ಯೂಕೀಮಿಯಾದ ಕಡೆಗೆ ಜಾರುವ ಸೂಚನೆಯೂ ಹೌದು.

ಎಲ್ಲ ಕ್ರೋಮೋಸೋಮ್ ದೋಷಕ್ಕೂ ಇದೇ ತೂಕವಿಲ್ಲ. ಇದೇ ಮಹಿಳೆಯಲ್ಲಿ ಮೆಗಾಕೇರಿಯೋಸೈಟ್‌ಗಳ ವಿಕಾರವಿಲ್ಲದೆ, 8ನೇ ಕ್ರೋಮೋಸೋಮ್ ಮಾತ್ರ ಒಂದು ಹೆಚ್ಚಿದ್ದಿದ್ದರೆ ಎಂಡಿಎಸ್ ಎನ್ನಲಾಗುತ್ತಿರಲಿಲ್ಲ. ಆ ದೋಷ ಎಪ್ಲಾಸ್ಟಿಕ್‌ನಲ್ಲೂ ಕಾಣಿಸಿಕೊಳ್ಳುತ್ತದೆ. ಜೀನ್ ಪರೀಕ್ಷೆಯ ಕಥೆಯೂ ಹೀಗೆಯೇ. ಇತ್ತೀಚೆಗೆ ಹತ್ತಾರು ಜೀನ್‌ಗಳ ಪಟ್ಟಿಯನ್ನು ಒಂದೇ ಸಲ ನೋಡುತ್ತಾರೆ. ಬಿಸಿಒಆರ್, ಪಿಐಜಿಎ ಜೀನ್‌ಗಳ ರೂಪಾಂತರ ಎಪ್ಲಾಸ್ಟಿಕ್ ರೋಗಿಗಳಲ್ಲಿ ಆಗಾಗ ಸಿಗುತ್ತದೆ. ಡಿಎನ್‌ಎಮ್‌ಟಿ3ಎ ಯಾವ ಕಾಯಿಲೆಯೂ ಇಲ್ಲದ ವೃದ್ಧರಲ್ಲೂ ಸಿಗುತ್ತದೆ. ಎಸ್‌ಎಫ್3ಬಿ1ನಂಥವು ಎಂಡಿಎಸ್ ಕಡೆಗೆ ಬೊಟ್ಟು ಮಾಡುತ್ತವೆ. ರೂಪಾಂತರ ಕಂಡಿತು, ಆದ್ದರಿಂದ ಎಂಡಿಎಸ್ ಎನ್ನುವ ತರ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಯಾವ ಜೀನ್, ಎಷ್ಟು ಪಾಲು ಕಣಗಳಲ್ಲಿ, ಜೊತೆಗೆ ಸೂಕ್ಷ್ಮದರ್ಶಕ ಏನು ಹೇಳುತ್ತದೆ ಎಂಬ ಮೂರನ್ನೂ ಸೇರಿಸಿ ಓದಬೇಕು.

ಎದುರು ಪಕ್ಷಕ್ಕೂ ಒಂದು ಸಾಕ್ಷಿಯಿದೆ. ರಕ್ತದಲ್ಲಿ ಫ್ಲೋ ಸೈಟೋಮೆಟ್ರಿಯಿಂದ ಪಿಎನ್‌ಎಚ್ ಕಣಗಳನ್ನು ಹುಡುಕುತ್ತಾರೆ. ಮೇಲೆ ಹೇಳಿದ ಪಿಐಜಿಎ ಜೀನ್ ಕೆಟ್ಟಾಗ ಕಣದ ಹೊರಪದರದಲ್ಲಿ ಕೆಲವು ಪ್ರೋಟೀನ್‌ಗಳು ಇಲ್ಲವಾಗುತ್ತವೆ. ಅಂಥ ಕಣಗಳು ಟಿ ಲಿಂಫೋಸೈಟ್‌ಗಳ ದಾಳಿಯಿಂದ ಪಾರಾಗಿ ಉಳಿಯುತ್ತವೆ ಎನ್ನಲಾಗುತ್ತದೆ. ಆದ್ದರಿಂದ ಅವುಗಳ ಪುಟ್ಟ ಗುಂಪು ಸಿಕ್ಕರೂ ದಾಳಿ ನಡೆದಿದೆ ಎಂಬುದಕ್ಕೆ ಗುರುತು, ಎಪ್ಲಾಸ್ಟಿಕ್ ಪರವಾದ ಮಾತು. ಹೈಪೋಪ್ಲಾಸ್ಟಿಕ್ ಎಂಡಿಎಸ್‌ನ ಕೆಲವರಲ್ಲೂ ಇದು ಸಿಗುತ್ತದೆ, ಅಂಥವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗೆ ಸ್ಪಂದಿಸುವುದೂ ಉಂಟು. ನಮ್ಮ ರೋಗಿಯಲ್ಲಿ ಪಿಎನ್‌ಎಚ್ ಕಣಗಳಿರಲಿಲ್ಲ.

ಹೆಸರು ಬದಲಾದರೆ ಮದ್ದೂ ಬದಲು

ಎಪ್ಲಾಸ್ಟಿಕ್ ಅನೀಮಿಯಾಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆ ದೊರೆತದ್ದು ಅನಿರೀಕ್ಷಿತವಾಗಿ. 1970ರಲ್ಲಿ ಪ್ಯಾರಿಸ್‌ನ ಜಾರ್ಜ್ ಮಾತೆ ಮತ್ತು ಸಂಗಡಿಗರು ಮಜ್ಜೆ ಕಸಿಗೆ ಸಿದ್ಧತೆಯಾಗಿ ಲಿಂಫೋಸೈಟ್ ನಿರೋಧಕ ಔಷಧಿ ಕೊಟ್ಟರು. ಕಸಿ ನಿಲ್ಲದಿದ್ದರೂ ರೋಗಿಯ ಸ್ವಂತ ಮಜ್ಜೆಯೇ ಚೇತರಿಸಿಕೊಂಡಿತು. ಇಂದು ಅದೇ ಜಾಡಿನಲ್ಲಿ ಕುದುರೆಯಿಂದ ತಯಾರಿಸಿದ ಎಟಿಜಿ, ಸೈಕ್ಲೋಸ್ಪೋರಿನ್, ಜೊತೆಗೆ ಎಲ್ಟ್ರಾಂಬೋಪ್ಯಾಗ್ ಕೊಡುತ್ತಾರೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ರೋಗ ತೀವ್ರವಾಗಿದ್ದು, ರೋಗಿ ಚಿಕ್ಕ ವಯಸ್ಸಿನವನಾಗಿದ್ದು, ಹೊಂದುವ ಸಹೋದರ ಅಥವಾ ಸಹೋದರಿ ಇದ್ದರೆ ಮೊದಲೇ ಮಜ್ಜೆ ಕಸಿ.

ನಮ್ಮ ಮಹಿಳೆಯನ್ನು ಎಪ್ಲಾಸ್ಟಿಕ್ ಎಂದುಕೊಂಡು ಇದೇ ದಾರಿಯಲ್ಲಿ ಕಳಿಸಿದ್ದರೆ ಆರು ತಿಂಗಳು ಕಾಯುತ್ತಿದ್ದೆವು. ಆ ಹೊತ್ತಿಗೆ 7ನೇ ಕ್ರೋಮೋಸೋಮ್ ಇಲ್ಲದ ಸಂತತಿ ಬೆಳೆದು ಬ್ಲಾಸ್ಟ್‌ಗಳು ಏರಿರಬಹುದಿತ್ತು. ಅವರಿಗೆ ಬೇಕಾದದ್ದು ದಾನಿಯನ್ನು ಹುಡುಕಿ ಕಸಿಯ ಸಿದ್ಧತೆ. ಅದು ಸಾಧ್ಯವಾಗದವರಿಗೆ ಅಜಾಸಿಟಿಡಿನ್‌ನಂಥ ಔಷಧಿ. ಇದು ಮಜ್ಜೆಯನ್ನು ಇನ್ನಷ್ಟು ಕುಗ್ಗಿಸಿ ರಕ್ತಕಣಗಳನ್ನು ಇಳಿಸುವ ಔಷಧಿಯಾದ್ದರಿಂದ ನಿಜವಾದ ಎಪ್ಲಾಸ್ಟಿಕ್ ರೋಗಿಗೆ ಕೊಟ್ಟರೆ ಅಪಾಯ. ತಪ್ಪು ಎರಡೂ ದಿಕ್ಕಿನಿಂದ ಆಗಬಹುದು. ಗಡಿ ಪೂರ್ತಿ ಮುಚ್ಚಿಲ್ಲ ಎಂಬುದೂ ನೆನಪಿರಲಿ. ಔಷಧಿಯಿಂದ ಗುಣವಾದ ಎಪ್ಲಾಸ್ಟಿಕ್ ರೋಗಿಗಳಲ್ಲಿ ಕೆಲವರಿಗೆ ವರ್ಷಗಳ ಬಳಿಕ ಎಂಡಿಎಸ್ ಅಥವಾ ಲ್ಯೂಕೀಮಿಯಾ ಬರುತ್ತದೆ. ಆದ್ದರಿಂದ ಅವರ ರಕ್ತವನ್ನು, ಬೇಕೆನಿಸಿದಾಗ ಮಜ್ಜೆಯನ್ನು, ಮತ್ತೆ ಮತ್ತೆ ನೋಡುತ್ತಾರೆ.

ಕೇಳಲು ಮುಜುಗರದ ಪ್ರಶ್ನೆ

ಎರಡೂ ಕಾಯಿಲೆಗಳ ವೇಷ ಹಾಕುವ ಮೂರನೆಯದೊಂದಿದೆ, ಫ್ಯಾಂಕೋನಿ ಅನೀಮಿಯಾ. ಡಿಎನ್‌ಎ ದುರಸ್ತಿಯ ದೋಷದಿಂದ ಬರುವ ಈ ಆನುವಂಶಿಕ ಕಾಯಿಲೆ ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಜೀನ್ ಬಂದಾಗ ಕಾಣಿಸಿಕೊಳ್ಳುತ್ತದೆ. ಮಜ್ಜೆ ಖಾಲಿಯಾಗುತ್ತದೆ, ಮುಂದೆ ಎಂಡಿಎಸ್ ಕೂಡ ಆಗಬಹುದು. ಹೆಚ್ಚಾಗಿ ಬಾಲ್ಯದಲ್ಲಿ, ಕೆಲವೊಮ್ಮೆ ಯೌವನದಲ್ಲಿ ಅಥವಾ ಅದರಾಚೆಗೆ ಹೊರಬೀಳುತ್ತದೆ. ಗಿಡ್ಡ ದೇಹ, ಹೆಬ್ಬೆರಳಿನ ದೋಷ, ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳು ಇರಬಹುದು, ಏನೂ ಇಲ್ಲದೆಯೂ ಇರಬಹುದು.

ಸೋದರ ಸಂಬಂಧಿಗಳ ನಡುವಿನ ಮದುವೆ ನಮ್ಮಲ್ಲಿದೆ, ದಕ್ಷಿಣ ಭಾರತದ ಇತರ ಸಮುದಾಯಗಳಲ್ಲೂ ಇದೆ. ಆದ್ದರಿಂದ ಮಜ್ಜೆ ಸೋತ ಪ್ರತಿ ರೋಗಿಯ ಮನೆಯವರನ್ನು, ಅದರಲ್ಲೂ ಎಳೆಯರ ಮನೆಯವರನ್ನು, ಉಮ್ಮ ಉಪ್ಪ ಮೊದಲೇ ಸಂಬಂಧಿಕರೇ ಎಂದು ಕೇಳಲೇಬೇಕು. ಆಪಾದನೆಯ ದನಿಯಲ್ಲಿ ಕೇಳಿದರೆ ಸುಳ್ಳು ಉತ್ತರ ಬರುತ್ತದೆ. ಎಲ್ಲರನ್ನೂ ಕೇಳುವ ಪ್ರಶ್ನೆ ಇದು, ಔಷಧಿಯ ಪ್ರಮಾಣ ಇದರ ಮೇಲೆ ನಿಂತಿದೆ ಎಂದು ಹೇಳಿ ಕೇಳಿ. ಅದು ನಿಜವೂ ಹೌದು. ಫ್ಯಾಂಕೋನಿ ರೋಗಿಗೆ ಕಸಿಯ ಮುನ್ನ ಮಾಮೂಲು ಪ್ರಮಾಣದ ಕೀಮೋ ಕೊಟ್ಟರೆ ಅದರ ವಿಷವನ್ನು ದೇಹ ತಾಳುವುದಿಲ್ಲ. ಎಟಿಜಿಯಿಂದ ಅವರಿಗೆ ಪ್ರಯೋಜನವೂ ಇಲ್ಲ. ಪರೀಕ್ಷೆ ರಕ್ತದ್ದೇ: ಲಿಂಫೋಸೈಟ್‌ಗಳಿಗೆ ಮೈಟೋಮೈಸಿನ್ ಸಿ ಬೆರೆಸಿ ಕ್ರೋಮೋಸೋಮ್ ಎಷ್ಟು ತುಂಡಾಗುತ್ತದೆ ಎಂದು ನೋಡುತ್ತಾರೆ. ರೋಗಿಗೆ ಫ್ಯಾಂಕೋನಿ ಎಂದಾದರೆ ದಾನಿಯಾಗಲು ಬಂದ ತಮ್ಮನಿಗೂ ಇದೇ ಪರೀಕ್ಷೆ ಮಾಡಬೇಕು. ಹೊರಗೆ ಆರೋಗ್ಯವಂತನಾಗಿ ಕಾಣುವ ತಮ್ಮನಲ್ಲೂ ಅದೇ ದೋಷ ಅಡಗಿರಬಹುದು.

ನಮ್ಮ ರೋಗಿಯ ತಂದೆ ತಾಯಿ ಸೋದರ ಸಂಬಂಧಿಗಳು. ಪರೀಕ್ಷೆ ಮಾಡಿಸಲಾಯಿತು, ದೋಷವಿರಲಿಲ್ಲ.

ಮನೆಯವರು ತಿಳಿದಿರಬೇಕಾದ್ದು

ರೋಗನಿರ್ಣಯಕ್ಕೆ ಹಿಡಿಯುವ ಎರಡು ಮೂರು ವಾರಗಳಲ್ಲಿ ರೋಗಿಯನ್ನು ಕಾಪಾಡುವುದು ಸಣ್ಣ ಸಣ್ಣ ಸಂಗತಿಗಳು. ನ್ಯೂಟ್ರೋಫಿಲ್ 500ರ ಆಸುಪಾಸಿನಲ್ಲಿರುವಾಗ ಜ್ವರ 38.3 ಡಿಗ್ರಿ ಸೆಲ್ಸಿಯಸ್ (ಸುಮಾರು 101 ಫ್ಯಾರನ್‌ಹೀಟ್) ಮುಟ್ಟಿದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗುವವರೆಗೆ ಕಾಯಬಾರದು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳ ಸೇರಬೇಕು. ಪ್ಲೇಟ್‌ಲೆಟ್ ಇಳಿದಿರುವಾಗ ಮಾಂಸಖಂಡಕ್ಕೆ ಚುಚ್ಚುಮದ್ದು ಬೇಡ, ಆಸ್ಪಿರಿನ್ ಬೇಡ. ಮಿಸ್ವಾಕ್‌ನ ಗಡಸು ನಾರು ಒಸಡನ್ನು ಗೀರುತ್ತದೆ, ಅಷ್ಟು ದಿನ ಮೆದುವಾದ ಬ್ರಷ್ ಇರಲಿ.

ಇನ್ನೊಂದು ವಿಷಯವನ್ನು ನಮ್ಮ ಊರುಗಳ ರಕ್ತದಾನಿ ಯುವಕರೂ ಓದಬೇಕು. ರಕ್ತ ಬೇಕು ಎಂದಾಗ ಮೊದಲು ತೋಳು ಚಾಚುವವರು ಒಡಹುಟ್ಟಿದವರು. ಪ್ರೀತಿ ಸರಿ, ಆದರೆ ಕಸಿಯ ಸಾಧ್ಯತೆ ಇರುವ ರೋಗಿಗೆ ಅವರ ರಕ್ತ ಏರಿಸಬಾರದು. ರೋಗಿಯ ದೇಹ ಅವರ ಕಣಗಳ ಗುರುತನ್ನು ಕಲಿತು ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ನಾಳೆ ಅದೇ ಅಣ್ಣನ ಮಜ್ಜೆಯನ್ನು ಕಸಿ ಮಾಡಿದಾಗ ಅದನ್ನು ಹೊರದಬ್ಬಬಹುದು. ರಕ್ತವನ್ನು ಹೊರಗಿನ ದಾನಿಗಳಿಂದಲೇ ಪಡೆಯಬೇಕು, ಬಿಳಿ ಕಣ ಸೋಸಿ ತೆಗೆದದ್ದನ್ನು, ಸಾಧ್ಯವಿದ್ದಲ್ಲಿ ವಿಕಿರಣಕ್ಕೆ ಒಡ್ಡಿದ್ದನ್ನು, ಅಗತ್ಯವಿದ್ದಷ್ಟೇ. ನಮ್ಮ ಮಹಿಳೆಗೆ ಇಬ್ಬರು ತಮ್ಮಂದಿರು, ಒಬ್ಬ ಅಕ್ಕ. ಮೂವರೂ ಈ ವಾರ ರಕ್ತ ಕೊಡಲು ಬಂದರೆ ತಲಾ ಕೆಲವು ಮಿಲಿಲೀಟರ್ ಸಾಕು, ಅದು ಎಚ್‌ಎಲ್‌ಎ ಹೊಂದಾಣಿಕೆಯ ಪರೀಕ್ಷೆಗೆ.